ನೀರಿಗೆ ಬಿದ್ದ ಫೋನು: ಮೊದಲ ಒಂದು ಗಂಟೆ

ಫೋನು ನೀರಿಗೆ ಬಿದ್ದಾಗ ನಮ್ಮ ಮನೆಗಳಲ್ಲಿ ನಡೆಯುವುದು ಹೆಚ್ಚುಕಡಿಮೆ ಒಂದೇ ಬಗೆ. ಎತ್ತಿಕೊಂಡು ಸೆರಗಿನಲ್ಲೋ ಟವೆಲ್ಲಿನಲ್ಲೋ ಒರೆಸುತ್ತೇವೆ. ಪರದೆ ಬೆಳಗುತ್ತದೆಯೇ ಎಂದು ಬಟನ್ ಒತ್ತಿ ನೋಡುತ್ತೇವೆ. ಬೆಳಗಿದರೆ ಯಾರಿಗಾದರೂ ಒಂದು ಕರೆ ಮಾಡಿ, ಮಾತು ಕೇಳಿಸುತ್ತದೆಯೇ ಎಂದು ಪರೀಕ್ಷಿಸುತ್ತೇವೆ. ಬೆಳಗದಿದ್ದರೆ ಚಾರ್ಜರಿಗೆ ಹಾಕುತ್ತೇವೆ. ಅಷ್ಟರಲ್ಲಿ ಅಡುಗೆಮನೆಯಿಂದ ಯಾರಾದರೂ ಅಕ್ಕಿ ಡಬ್ಬ ತಂದಿರುತ್ತಾರೆ. ಇದರಲ್ಲಿ ಒರೆಸಿದ್ದೊಂದು ಸರಿ. ಬಟನ್ ಒತ್ತಿದ್ದು, ಕರೆ ಮಾಡಿದ್ದು, ಚಾರ್ಜರಿಗೆ ಹಾಕಿದ್ದು, ಈ ಮೂರೂ ಫೋನನ್ನು ಕೆಡಿಸುವ ಕೆಲಸಗಳು. ಅಕ್ಕಿಯ ವಿಷಯವನ್ನು ಸ್ವಲ್ಪ ಹೊತ್ತಿನ ಮೇಲೆ ವಿವರವಾಗಿ ನೋಡೋಣ.

ನಾನು ಎಲೆಕ್ಟ್ರಾನಿಕ್ಸ್ ಕಲಿಸುವವನು. ಸಂಜೆ ಹೊತ್ತು ರಿಪೇರಿ ಮೇಜಿನ ಮುಂದೆ ಕೂರುವ ಅಭ್ಯಾಸವೂ ಇದೆ. ಆ ಮೇಜಿಗೆ ಬಂದ ಒಂದು ಫೋನನ್ನೇ ಇಟ್ಟುಕೊಂಡು ಹೇಳುತ್ತೇನೆ.

ಕೋಲಾರದ ಕಡೆಯ ಒಂದು ಮನೆ. ಬಟ್ಟೆ ನೆನೆಸಿಟ್ಟ ಬಕೆಟ್ಟಿನ ಮೇಲೆ ಮನೆಯ ಯಜಮಾನರು ಬಗ್ಗಿದಾಗ ಅಂಗಿಯ ಜೇಬಿನಲ್ಲಿದ್ದ ಫೋನು ಜಾರಿ ಬಿತ್ತು. ಬೋರ್‌ವೆಲ್ ನೀರು, ಅದಕ್ಕೆ ಸೋಪಿನ ಪುಡಿ ಬೇರೆ. ಅವರು ಕೈ ಹಾಕಿ ಎತ್ತುವುದಕ್ಕೆ ಹತ್ತು ಹದಿನೈದು ಸೆಕೆಂಡು ಹಿಡಿದಿರಬಹುದು. ಪರದೆ ಇನ್ನೂ ಬೆಳಗುತ್ತಲೇ ಇತ್ತು. ತಾಯಿ ಎಂದರು, "ಅಕ್ಕಿ ಡಬ್ಬದೊಳಗೆ ಹಾಕಪ್ಪಾ, ನೀರೆಲ್ಲ ಎಳ್ಕೊಳ್ಳತ್ತೆ." ಡಿಪ್ಲೊಮಾ ಓದುತ್ತಿದ್ದ ಮಗಳು ಅಡ್ಡ ಬಂದಳು. "ಬೇಡ ಅಜ್ಜಿ. ಅಪ್ಪಾ, ಮೊದಲು ಸ್ವಿಚ್ ಆಫ್ ಮಾಡಿ." ಆ ಫೋನು ಇವತ್ತಿಗೂ ನಡೆಯುತ್ತಿರುವುದಕ್ಕೆ ಅವಳ ಈ ಎರಡನೆಯ ಮಾತು ಕಾರಣ. ಯಾಕೆ ಎಂದು ತಿಳಿಯಬೇಕಾದರೆ ಫೋನಿನೊಳಗೆ ಏನಾಗುತ್ತದೆ ಎಂಬುದನ್ನು ನೋಡಬೇಕು.

ನೀರು ಬರಿಯ ನೀರಾಗಿದ್ದರೆ ಇಷ್ಟು ಹಾನಿ ಆಗುತ್ತಿರಲಿಲ್ಲ. ಶುದ್ಧವಾದ ನೀರಿನಲ್ಲಿ ವಿದ್ಯುತ್ ಬಹಳ ಕಷ್ಟದಿಂದ ಹರಿಯುತ್ತದೆ. ಹರಿಯುವಂತೆ ಮಾಡುವುದು ಅದರಲ್ಲಿ ಕರಗಿರುವ ಲವಣಗಳು. ಕುಡಿಯುವ ನೀರಿನ ಬಗ್ಗೆ ನಮ್ಮ ದೇಶದ ಮಾನಕ ಹೇಳುವಂತೆ ಒಂದು ಲೀಟರಿನಲ್ಲಿ ಕರಗಿದ ಪದಾರ್ಥಗಳು 500 ಮಿಲಿಗ್ರಾಮಿನೊಳಗೆ ಇದ್ದರೆ ಒಳ್ಳೆಯದು. ಬೇರೆ ನೀರು ಸಿಗದ ಕಡೆ 2,000 ಮಿಲಿಗ್ರಾಮಿನವರೆಗೂ ಒಪ್ಪಿಕೊಳ್ಳಬಹುದು. ಬಯಲುಸೀಮೆಯ ಆಳದ ಬೋರ್‌ವೆಲ್‌ಗಳ ನೀರು ಈ ಮೇಲಿನ ಮಿತಿಯ ಹತ್ತಿರ ಹೋಗುವುದುಂಟು. ಸಮುದ್ರದ ನೀರಿನಲ್ಲಿ ಲೀಟರಿಗೆ ಸುಮಾರು 35,000 ಮಿಲಿಗ್ರಾಮ್ ಉಪ್ಪಿದೆ. ಆದ್ದರಿಂದ ಮಳೆಯಲ್ಲಿ ನೆನೆದ ಫೋನು, ಬೋರ್ ನೀರಿಗೆ ಬಿದ್ದ ಫೋನು, ಮಲ್ಪೆಯಲ್ಲಿ ಅಲೆಗೆ ಸಿಕ್ಕಿದ ಫೋನು, ಮೂರೂ ಒಂದೇ ಅಲ್ಲ. ಸೋಪಿನ ನೀರಿಗೆ ಇನ್ನೊಂದು ಕೆಟ್ಟ ಗುಣವಿದೆ. ಬರಿಯ ನೀರು ಹನಿಗಟ್ಟಿ ನಿಲ್ಲುವಂಥ ಸಣ್ಣ ಸಂದಿಯೊಳಕ್ಕೂ ಅದು ಸಲೀಸಾಗಿ ಹರಡಿಕೊಂಡು ನುಗ್ಗುತ್ತದೆ.

ಈಗ ವಿದ್ಯುತ್ತಿನ ಮಾತು. ಫೋನಿನ ಬ್ಯಾಟರಿಯಲ್ಲಿ ನಾಲ್ಕು ವೋಲ್ಟಿನ ಆಸುಪಾಸು ಒತ್ತಡವಿರುತ್ತದೆ. ಮುಟ್ಟಿದರೆ ನಮಗೆ ಗೊತ್ತೂ ಆಗುವುದಿಲ್ಲ. ಆದರೆ ನೀರನ್ನು ಒಡೆದು ಜಲಜನಕ, ಆಮ್ಲಜನಕ ಮಾಡುವುದಕ್ಕೆ ಒಂದೂಕಾಲು ವೋಲ್ಟಿನಷ್ಟು ಒತ್ತಡವೇ ಸಾಕು. ಅಂದರೆ ಬ್ಯಾಟರಿ ಜೋಡಿಸಿರುವ ಬೋರ್ಡಿನ ಮೇಲೆ ಉಪ್ಪುನೀರಿನ ಒಂದು ಹನಿ ಕೂತರೆ, ಅದು ರಾಸಾಯನಿಕ ಕ್ರಿಯೆಯ ಪುಟ್ಟ ತೊಟ್ಟಿಯೇ ಆಗಿಬಿಡುತ್ತದೆ. ಪ್ರೌಢಶಾಲೆಯ ಪ್ರಯೋಗಾಲಯದಲ್ಲಿ ಇದನ್ನು ನೀವು ನೋಡಿರುತ್ತೀರಿ. ಉಪ್ಪುನೀರಿನೊಳಗೆ ಎರಡು ತಾಮ್ರದ ತಂತಿ ಇಳಿಬಿಟ್ಟು ಬ್ಯಾಟರಿಗೆ ಜೋಡಿಸಿದರೆ, ಋಣ ತುದಿಯಲ್ಲಿ ಗುಳ್ಳೆಗಳು ಏಳುತ್ತವೆ. ಧನ ತುದಿಯ ತಂತಿ ಸವೆಯುತ್ತಾ ನೀರು ಬಣ್ಣಗೆಡುತ್ತದೆ. ಆ ತಂತಿಯಾದರೂ ದಪ್ಪಗಿರುತ್ತದೆ. ಫೋನಿನ ಬೋರ್ಡಿನಲ್ಲಿರುವ ತಾಮ್ರದ ಗೆರೆಗಳ ದಪ್ಪ ತಲೆಕೂದಲಿಗಿಂತ ಕಡಿಮೆ. ಅಂಥ ಗೆರೆ ಸವೆದು ತುಂಡಾಗುವುದಕ್ಕೆ ದಿನಗಟ್ಟಲೆ ಕಾಯಬೇಕಾಗಿಲ್ಲ. ಒಂದು ಕಡೆ ಕರಗಿದ ಲೋಹ ಇನ್ನೊಂದು ಕಡೆ ಬೇರಿನ ಎಳೆಗಳಂತೆ ಬೆಳೆದು, ಮುಟ್ಟಬಾರದ ಎರಡು ತುದಿಗಳನ್ನು ಮುಟ್ಟಿಸುವುದೂ ಉಂಟು. ಆಗ ಶಾರ್ಟ್ ಆಗುತ್ತದೆ.

ಹಾಗಾದರೆ ಫೋನು ಕೆಡುವುದಕ್ಕೆ ಮೂರು ಸೇರಬೇಕು: ನೀರು, ಅದರಲ್ಲಿನ ಉಪ್ಪು, ಬ್ಯಾಟರಿಯ ವೋಲ್ಟೇಜ್. ಬಿದ್ದ ಕ್ಷಣದಲ್ಲಿ ನೀರನ್ನೂ ಉಪ್ಪನ್ನೂ ಹೊರಗೆ ತೆಗೆಯುವುದು ನಮ್ಮ ಕೈಯಲ್ಲಿಲ್ಲ. ವೋಲ್ಟೇಜನ್ನು ಕಡಿಮೆ ಮಾಡುವುದು ಮಾತ್ರ ನಮ್ಮ ಕೈಯಲ್ಲಿದೆ. ಮಗಳು ಹೇಳಿದ್ದು ಅದನ್ನೇ.

ಕೀಪ್ಯಾಡ್ ಫೋನು ಬಳಸುವ ಹಿರಿಯರು ಇದನ್ನು ಕೇಳುತ್ತಿದ್ದರೆ, ನಿಮ್ಮ ಕೆಲಸ ಬಹಳ ಸುಲಭ. ಹಿಂಬದಿಯ ಮುಚ್ಚಳ ತೆಗೆಯಿರಿ, ಬ್ಯಾಟರಿ ಎತ್ತಿ ಹೊರಗಿಡಿ. ಸ್ವಿಚ್ ಆಫ್ ಮಾಡುವುದಕ್ಕೂ ಕಾಯಬೇಡಿ. ಬ್ಯಾಟರಿ ಹೊರಗೆ ಬಂದ ಮೇಲೆ ಆ ಹಾಳು ಕ್ರಿಯೆ ಬಹುಮಟ್ಟಿಗೆ ನಿಂತೇಹೋಗುತ್ತದೆ. ಇಂಥ ಫೋನುಗಳು ಎಷ್ಟೋ ಸಲ ಗದ್ದೆಯ ನೀರಿಗೆ ಬಿದ್ದೂ ಬದುಕಿಕೊಳ್ಳುವುದಕ್ಕೆ ಇದೇ ಕಾರಣ.

ಈಗಿನ ಸ್ಮಾರ್ಟ್‌ಫೋನುಗಳಲ್ಲಿ ಬ್ಯಾಟರಿಯನ್ನು ಅಂಟು ಹಾಕಿ ಒಳಗೆ ಕೂರಿಸಿರುತ್ತಾರೆ. ಹಾಗಾಗಿ ಸ್ವಿಚ್ ಆಫ್ ಮಾಡುವುದೊಂದೇ ದಾರಿ. ಆಫ್ ಮಾಡಿದರೂ ಬ್ಯಾಟರಿಯಿಂದ ಬೋರ್ಡಿಗೆ ಬರುವ ಮುಖ್ಯ ದಾರಿಯಲ್ಲಿ ವೋಲ್ಟೇಜ್ ಇದ್ದೇ ಇರುತ್ತದೆ, ಆದರೆ ಅಲ್ಲಿಂದ ಮುಂದೆ ಪರದೆ, ಕ್ಯಾಮೆರಾ, ಪ್ರೊಸೆಸರ್‌ಗಳಿಗೆ ಹೋಗುವ ಹತ್ತಾರು ದಾರಿಗಳು ಸತ್ತಿರುತ್ತವೆ. ಅಪಾಯದ ಜಾಗಗಳು ಅಷ್ಟು ಕಡಿಮೆಯಾಗುತ್ತವೆ. ಇಲ್ಲಿ ಒಂದು ತೊಡಕಿದೆ. ಇತ್ತೀಚಿನ ಅನೇಕ ಆಂಡ್ರಾಯ್ಡ್ ಫೋನುಗಳಲ್ಲಿ ಪವರ್ ಬಟನ್ ಒತ್ತಿ ಹಿಡಿದರೆ ಆಫ್ ಆಗುವುದಿಲ್ಲ, ಧ್ವನಿ ಸಹಾಯಕ ತೆರೆದುಕೊಳ್ಳುತ್ತದೆ. ಅಂಥವುಗಳಲ್ಲಿ ಸಾಮಾನ್ಯವಾಗಿ ಪವರ್ ಬಟನ್ನನ್ನೂ ವಾಲ್ಯೂಮ್ ಹೆಚ್ಚಿಸುವ ಬಟನ್ನನ್ನೂ ಒಟ್ಟಿಗೆ ಒತ್ತಬೇಕು. ಈಗಿನ ಐಫೋನುಗಳಲ್ಲಿ ಬದಿಯ ಬಟನ್ ಜೊತೆಗೆ ಯಾವುದಾದರೊಂದು ವಾಲ್ಯೂಮ್ ಬಟನ್ ಹಿಡಿದರೆ ಆಫ್ ಮಾಡುವ ಪಟ್ಟಿ ಬರುತ್ತದೆ. ನಿಮ್ಮ ಫೋನಿನಲ್ಲಿ ಹೇಗೆ ಎಂಬುದನ್ನು ಈ ಮಾತು ಮುಗಿಯುತ್ತಿದ್ದಂತೆ ಒಮ್ಮೆ ಮಾಡಿ ನೋಡಿಬಿಡಿ. ಒದ್ದೆ ಫೋನು ಕೈಯಲ್ಲಿ ಹಿಡಿದುಕೊಂಡು ಕಲಿಯುವ ಸಂಗತಿ ಇದಲ್ಲ.

ಪರದೆ ಒದ್ದೆಯಾಗಿ ಟಚ್ ಕೆಲಸ ಮಾಡದಿದ್ದರೆ, ಒಣ ಬಟ್ಟೆಯಲ್ಲಿ ಚೆನ್ನಾಗಿ ಒರೆಸಿ ಮತ್ತೆ ಪ್ರಯತ್ನಿಸಿ. ಆಗಲೂ ಆಗದಿದ್ದರೆ ಬಟನ್‌ಗಳನ್ನು ಮೇಲಿಂದ ಮೇಲೆ ಒತ್ತುತ್ತಾ ಕೂರಬೇಡಿ. ಒತ್ತಿದಷ್ಟೂ ಬಟನ್ನಿನ ಸಂದಿಯಲ್ಲಿ ನಿಂತ ನೀರು ಒಳಕ್ಕೆ ಇಳಿಯುತ್ತದೆ. ನೇರವಾಗಿ ರಿಪೇರಿ ಅಂಗಡಿಗೆ ಹೊರಡಿ. ಇನ್ನೊಂದು ಎಚ್ಚರಿಕೆ, ಇದು ಜೀವದ ವಿಷಯ. ಚಾರ್ಜಿಗೆ ಹಾಕಿದ್ದ ಫೋನು ನೀರಿಗೆ ಬಿದ್ದಿದ್ದರೆ ಮೊದಲು ಗೋಡೆಯ ಸ್ವಿಚ್ ಆರಿಸಿ, ಪ್ಲಗ್ ಕೀಳಿ. ಆಮೇಲೆ ನೀರಿಗೆ ಕೈ ಹಾಕಿ. ಫೋನಿನದು ನಾಲ್ಕು ವೋಲ್ಟ್, ಗೋಡೆಯದು 230.

ಕೋಲಾರದ ಮನೆಗೆ ಮರಳೋಣ. ಫೋನು ಆಫ್ ಆಯಿತು. ಹಿಂಬದಿಯ ಕವರ್ ತೆಗೆದರು. ಕವರಿನೊಳಗೇ ಒಂದಷ್ಟು ನೀರು ನಿಂತಿತ್ತು. ಹಳೆಯ ಬನಿಯನ್ ಬಟ್ಟೆಯಿಂದ ಹೊರಮೈಯನ್ನೆಲ್ಲ ಒರೆಸಿದರು. ಹೊರಗೆ ಒಣಗಿದ ಮೇಲೆಯೇ ಸಿಮ್ ಟ್ರೇ ಹೊರಗೆಳೆದರು. ಈ ಕ್ರಮ ಮುಖ್ಯ. ಒದ್ದೆ ಮೈಯಲ್ಲೇ ಟ್ರೇ ಎಳೆದರೆ ಅಂಚಿನಲ್ಲಿ ನಿಂತ ನೀರು ಅದೇ ಸಂದಿಯಿಂದ ಒಳಗಿಳಿಯುತ್ತದೆ. ಸಿಮ್ಮನ್ನು ಒರೆಸಿ ಮನೆಯಲ್ಲಿದ್ದ ಇನ್ನೊಂದು ಫೋನಿಗೆ ಹಾಕಿದರು. ಸಿಮ್ ಕಾರ್ಡಿನ ಚಿಪ್ ಪ್ಲಾಸ್ಟಿಕ್ಕಿನಲ್ಲಿ ಮುಚ್ಚಿಕೊಂಡಿರುವುದರಿಂದ ನೀರು ಅದನ್ನು ಸುಲಭಕ್ಕೆ ಕೆಡಿಸುವುದಿಲ್ಲ. ಬ್ಯಾಂಕಿನ ಒಟಿಪಿ, ಮನೆಯವರ ಕರೆ ಎರಡೂ ಅಲ್ಲಿಗೆ ಬರತೊಡಗಿದವು. ಇದನ್ನು ಸಣ್ಣ ವಿಷಯ ಎನ್ನಬೇಡಿ. "ಅರ್ಜೆಂಟ್ ಕರೆ ಬರುತ್ತೆ, ಒಂದ್ಸಲ ಆನ್ ಮಾಡಿ ನೋಡ್ತೀನಿ" ಎಂಬ ಚಡಪಡಿಕೆಯೇ ಎಷ್ಟೋ ಫೋನುಗಳನ್ನು ಕೆಡಿಸಿದೆ. ಸಿಮ್ ಬೇರೆ ಕಡೆ ನಡೆಯುತ್ತಿದ್ದರೆ ಆ ಚಡಪಡಿಕೆ ಇರುವುದಿಲ್ಲ.

ಆಮೇಲೆ ಚಾರ್ಜಿಂಗ್ ಬಾಯಿ ಕೆಳಗೆ ಬರುವಂತೆ ಫೋನನ್ನು ಹಿಡಿದು, ಅಂಗೈಗೆ ಮೆಲ್ಲಗೆ ತಟ್ಟಿದರು. ಒಂದೆರಡು ಹನಿ ಹೊರಬಿದ್ದವು. ಜೋರಾಗಿ ಕೊಡವಬಾರದು. ಕೊಡವಿದಾಗ ಒಂದು ಮೂಲೆಯಲ್ಲಿದ್ದ ನೀರು ಇಡೀ ಬೋರ್ಡಿಗೆ ಹರಡುತ್ತದೆ. ಬಾಯಿಯಿಂದ ಊದುವುದೂ ಬೇಡ, ಚಾರ್ಜಿಂಗ್ ಬಾಯೊಳಗೆ ಹತ್ತಿ ಸುತ್ತಿದ ಕಡ್ಡಿ ತುರುಕುವುದೂ ಬೇಡ. ಕೂದಲೊಣಗಿಸುವ ಡ್ರೈಯರ್ ಅಂತೂ ಬೇಡವೇ ಬೇಡ. ಅದರ ಬಿಸಿಗಾಳಿ ನೀರನ್ನು ಒಳಗೊಳಗೆ ತಳ್ಳುತ್ತದೆ, ಫೋನು ಮುಚ್ಚಿರುವ ಅಂಟನ್ನು ಸಡಿಲಿಸುತ್ತದೆ, ಬ್ಯಾಟರಿಯನ್ನು ಕಾಯಿಸುತ್ತದೆ. ಬಿಸಿಲು, ಒಲೆಯ ಪಕ್ಕ, ಕಾರಿನ ಡ್ಯಾಶ್‌ಬೋರ್ಡ್ ಇವಕ್ಕೂ ಇದೇ ಮಾತು. ಲಿಥಿಯಂ ಬ್ಯಾಟರಿಗೆ ಶಾಖ ಆಗದು. ಅದರಲ್ಲೂ ಒಳಗೆ ನೀರು ಹೋಗಿರಬಹುದಾದ ಬ್ಯಾಟರಿಗೆ ಶಾಖ ತಗಲಿಸಲೇಬಾರದು.

ಇಷ್ಟಾಗುವುದಕ್ಕೆ ಹದಿನೈದು ನಿಮಿಷ ಸಾಕು. ಈಗ ಅಕ್ಕಿ ಡಬ್ಬ ಎದುರಿಗಿದೆ.

ಅಜ್ಜಿಯ ಮಾತಿಗೆ ಬುಡವಿಲ್ಲದೆ ಇಲ್ಲ. ಉಪ್ಪು ನೀರಾಡದಿರಲಿ ಎಂದು ಹೋಟೆಲುಗಳಲ್ಲಿ ಉಪ್ಪಿನ ಡಬ್ಬಿಯೊಳಗೆ ನಾಲ್ಕು ಅಕ್ಕಿಕಾಳು ಹಾಕಿಡುವುದನ್ನು ನಾವೆಲ್ಲ ನೋಡಿದ್ದೇವೆ. ಅಕ್ಕಿ ನೀರು ಹೀರುತ್ತದೆ ಎಂಬುದು ಅನ್ನ ಮಾಡುವ ಎಲ್ಲರಿಗೂ ಗೊತ್ತು. ಆದರೆ ಅನ್ನದ ಪಾತ್ರೆಯಲ್ಲಿ ಕಾಳು ನೀರಿನಲ್ಲೇ ಮುಳುಗಿರುತ್ತದೆ, ಜೊತೆಗೆ ಬೆಂಕಿ ಇರುತ್ತದೆ. ಡಬ್ಬದೊಳಗಿನ ಅಕ್ಕಿ ಗಾಳಿಯಲ್ಲಿರುವ ತೇವವನ್ನು ಹೀರಬೇಕು. ಅದಕ್ಕೆ ಆ ಶಕ್ತಿ ಹೆಚ್ಚಿಲ್ಲ, ಯಾಕೆಂದರೆ ಅದು ಈಗಾಗಲೇ ಸಾಕಷ್ಟು ತೇವ ಕುಡಿದು ಕೂತಿರುತ್ತದೆ. ಚೆನ್ನಾಗಿ ಒಣಗಿದೆ, ದಾಸ್ತಾನಿಗೆ ಯೋಗ್ಯ ಎನ್ನಿಸುವ ಅಕ್ಕಿಯಲ್ಲೇ ನೂರು ಪಾಲಿಗೆ ಸುಮಾರು 12ರಿಂದ 14 ಪಾಲು ನೀರಿರುತ್ತದೆ. ಒಂದು ಕಿಲೋ ಅಕ್ಕಿಯಲ್ಲಿ ಅರ್ಧ ಲೋಟಕ್ಕೂ ಮೀರಿದ ನೀರು! ಕೈಗೆ ಒಣಗಿದಂತೆ ತೋರುತ್ತದೆ, ಅಷ್ಟೇ. ಮನೆಯ ಗಾಳಿಯ ತೇವಕ್ಕೂ ಆ ಕಾಳಿನ ತೇವಕ್ಕೂ ಎಂದೋ ಸರಿಹೊಂದಿಹೋಗಿರುತ್ತದೆ. ಮಳೆಗಾಲದ ಶಿರಸಿಯಲ್ಲೋ ಮಡಿಕೇರಿಯಲ್ಲೋ ಇರುವ ಅಕ್ಕಿಯಿಂದ ಇನ್ನೂ ಕಡಿಮೆ ನಿರೀಕ್ಷಿಸಬೇಕು.

ಬೇಕಿದ್ದರೆ ಮನೆಯಲ್ಲೇ ನೋಡಿ. ಪಾತ್ರೆ ತೊಳೆಯುವ ಸ್ಪಂಜನ್ನು ಸಮನಾಗಿ ಎರಡು ತುಂಡು ಮಾಡಿ, ಎರಡನ್ನೂ ಒಂದೇ ಹದಕ್ಕೆ ಒದ್ದೆ ಮಾಡಿ ಹಿಂಡಿ. ಒಂದನ್ನು ತೆಳು ಬಟ್ಟೆಯಲ್ಲಿ ಸುತ್ತಿ ಅಕ್ಕಿ ಡಬ್ಬದ ನಡುವೆ ಹೂತು ಮುಚ್ಚಳ ಹಾಕಿ. ಇನ್ನೊಂದನ್ನು ತಂತಿಯ ಜಾಲರಿಯ ಮೇಲಿಟ್ಟು ಫ್ಯಾನ್ ಕೆಳಗೆ ಬಿಡಿ. ಸಂಜೆ ಎರಡನ್ನೂ ಮುಟ್ಟಿ ನೋಡಿದರೆ ಮೊದಲು ಒಣಗುವುದು ಫ್ಯಾನಿನ ಕೆಳಗಿನದು. ಸುತ್ತಲೂ ಕಾಳುಗಳಿದ್ದರೆ ಗಾಳಿ ಓಡಾಡುವುದಿಲ್ಲ. ಗಾಳಿ ಓಡಾಡದ ಕಡೆ ಒದ್ದೆ ಬೇಗ ಆರುವುದಿಲ್ಲ.

"ಹುರಿದ ಅಕ್ಕಿಯಾದರೆ?" ಎಂದು ಕೇಳಿದವರಿದ್ದಾರೆ. "ಚಪ್ಪಲಿ ಡಬ್ಬಿಯಲ್ಲಿ ಬರುತ್ತದಲ್ಲ, ಆ ಸಿಲಿಕಾ ಜೆಲ್ ಪೊಟ್ಟಣ?" ಎಂದೂ ಕೇಳುತ್ತಾರೆ. ಹುರಿದು ಆರಿಸಿದ ಅಕ್ಕಿ ಸ್ವಲ್ಪ ಮೇಲು, ಸಿಲಿಕಾ ಜೆಲ್ ಇನ್ನೂ ಬಹಳ ಮೇಲು. ಗಾಳಿಯ ತೇವ ಹೀರುವುದಕ್ಕೆಂದೇ ಅದನ್ನು ಮಾಡಿರುವುದು. ಆದರೂ ನಮ್ಮ ಸಮಸ್ಯೆ ಅದರಿಂದ ಬಗೆಹರಿಯುವುದಿಲ್ಲ. ಫೋನಿನೊಳಗಿನ ನೀರು ಬಯಲಿನಲ್ಲಿ ಕೊಚ್ಚೆಯಾಗಿ ನಿಂತಿರುವುದಿಲ್ಲ. ಬೋರ್ಡಿನ ಮೇಲೆ ಚಿಪ್ಪುಗಳಿವೆ, ಚಿಪ್ಪುಗಳ ಮೇಲೆ ತಗಡಿನ ಮುಚ್ಚಳಗಳಿವೆ. ಈ ಮುಚ್ಚಳವನ್ನು ರಿಪೇರಿಯವರು ಶೀಲ್ಡ್ ಎನ್ನುತ್ತಾರೆ. ಚಿಪ್ಪಿಗೂ ಬೋರ್ಡಿಗೂ ನಡುವೆ ಉಗುರಿನ ಅಂಚೂ ಹೋಗದಷ್ಟು ಸಂದು. ನೀರು ಅಲ್ಲಿಗೆ ತಾನಾಗಿಯೇ ಎಳೆದುಕೊಂಡು ಹೋಗಿ ಕೂರುತ್ತದೆ. ಒದ್ದೆಯಾದ ಎರಡು ಗಾಜಿನ ಹಾಳೆ ಒಂದಕ್ಕೊಂದು ಕಚ್ಚಿಕೊಂಡರೆ ನಡುವಿನ ನೀರು ದಿನವಾದರೂ ಆರದೆ ಉಳಿಯುತ್ತದಲ್ಲ, ಇದೂ ಹಾಗೆಯೇ. ಆ ನೀರು ಆವಿಯಾಗಿ, ಶೀಲ್ಡಿನ ಕೆಳಗಿಂದ ನುಸುಳಿ, ಬ್ಯಾಟರಿಯ ಪಕ್ಕದಿಂದ ಹಾದು, ಚಾರ್ಜಿಂಗ್ ಬಾಯಿಯಿಂದಲೋ ಸ್ಪೀಕರಿನ ಜಾಲರಿಯಿಂದಲೋ ಹೊರಗೆ ಬಂದ ಮೇಲೆ ತಾನೇ ಅಕ್ಕಿಗೆ ಸಿಗುವುದು? ತಡವಾಗುವುದೆಲ್ಲ ಒಳಗಿನ ದಾರಿಯಲ್ಲಿ. ಹೊರಗೆ ಅಕ್ಕಿ ಇದ್ದರೂ ಸಿಲಿಕಾ ಜೆಲ್ ಇದ್ದರೂ ಆ ದಾರಿ ಅಗಲವಾಗುವುದಿಲ್ಲ.

ಅಕ್ಕಿ ತನ್ನದೇ ಕಸವನ್ನೂ ತರುತ್ತದೆ. ಡಬ್ಬಕ್ಕೆ ಕೈ ಹಾಕಿದರೆ ಬೆರಳಿಗೆ ಬಿಳಿ ಹಿಟ್ಟು ಅಂಟುತ್ತದಲ್ಲವೇ? ಅದು ಒದ್ದೆ ಚಾರ್ಜಿಂಗ್ ಬಾಯೊಳಗೆ ಸೇರಿದರೆ ಅಂಟಾಗಿ, ಒಣಗಿದ ಮೇಲೆ ಗಟ್ಟಿಯಾಗಿ ಹಿಡಿದುಕೊಳ್ಳುತ್ತದೆ. ನುಚ್ಚು ಸ್ಪೀಕರಿನ ತೂತಿಗೆ ಸಿಕ್ಕಿಕೊಳ್ಳುವುದೂ ಇದೆ. ಆಪಲ್ ಕಂಪನಿ ತನ್ನ ಸಹಾಯ ಪುಟದಲ್ಲಿ, ಒದ್ದೆಯಾದ ಐಫೋನನ್ನು ಅಕ್ಕಿಚೀಲದಲ್ಲಿ ಇಡಬೇಡಿ, ಅಕ್ಕಿಯ ಸಣ್ಣ ಕಣಗಳು ಫೋನಿಗೆ ಹಾನಿ ಮಾಡಬಹುದು ಎಂದು ಸ್ಪಷ್ಟವಾಗಿಯೇ ಬರೆದಿದೆ. 2024ರ ಆರಂಭದಲ್ಲಿ ಇದು ಪತ್ರಿಕೆಗಳಲ್ಲೂ ಸುದ್ದಿಯಾಗಿತ್ತು.

ಆದರೆ ನನ್ನ ಮುಖ್ಯ ತಕರಾರು ಇದಲ್ಲ. ಅಕ್ಕಿ ಒಂದು ಪವಾಡ ಮಾಡಿ ಫೋನಿನ ನೀರನ್ನೆಲ್ಲ ಹೀರಿತು ಎಂದೇ ಇಟ್ಟುಕೊಳ್ಳಿ. ಆಗಲೂ ಉಪ್ಪು ಒಳಗೇ ಉಳಿಯುತ್ತದೆ! ನೀರು ಆರುತ್ತದೆ, ಅದರಲ್ಲಿ ಕರಗಿದ್ದ ಲವಣ, ಸೋಪು ಎಲ್ಲ ಬಿಳಿ ಪೊರೆಯಾಗಿ ಬೋರ್ಡಿನ ಮೇಲೆ ಕೂರುತ್ತವೆ. ಆ ಪೊರೆ ಗಾಳಿಯ ತೇವವನ್ನು ಮತ್ತೆ ಎಳೆದುಕೊಳ್ಳುತ್ತದೆ. ಅಡುಗೆ ಉಪ್ಪು ಗಾಳಿಯ ಸಾಪೇಕ್ಷ ತೇವಾಂಶ ಶೇಕಡಾ 75 ದಾಟಿದರೆ ತಾನೇ ನೀರಾಗುತ್ತದೆ. ಮಂಗಳೂರಿನಲ್ಲೋ ಕಾರವಾರದಲ್ಲೋ ಮಳೆಗಾಲವಿಡೀ ತೇವಾಂಶ ಬಹುಪಾಲು ಅದಕ್ಕಿಂತ ಮೇಲೆಯೇ ಇರುತ್ತದೆ. ಅಂದರೆ ಸಮುದ್ರದ ನೀರು ಕುಡಿದ ಫೋನು ಕರಾವಳಿಯಲ್ಲಿ ಪೂರ್ತಿ ಒಣಗುವುದೆಂಬುದೇ ಇಲ್ಲ. "ಅಕ್ಕಿಯಲ್ಲಿಟ್ಟ ಮೇಲೆ ಸರಿಯಾಗಿತ್ತು ಸಾರ್, ಹದಿನೈದು ದಿನ ಆದ ಮೇಲೆ ಇದ್ದಕ್ಕಿದ್ದಂತೆ ಸತ್ತುಹೋಯ್ತು" ಎಂದು ಬರುವವರ ಫೋನು ಬಿಚ್ಚಿದರೆ ಕಾಣುವುದು ಇದೇ: ಕನೆಕ್ಟರುಗಳ ಸುತ್ತ ಹಸಿರು ಕಿಲುಬು. ನೀರು ಹೋಗಿ ಎಷ್ಟೋ ದಿನವಾಗಿರುತ್ತದೆ. ಉಪ್ಪು ತನ್ನ ಕೆಲಸ ಮಾಡುತ್ತಲೇ ಇರುತ್ತದೆ.

ಹಾಗಿದ್ದರೂ ಅಕ್ಕಿಯಲ್ಲಿಟ್ಟ ಕೆಲವು ಫೋನುಗಳು ಬದುಕುವುದು ನಿಜ. ಒಳಗೆ ನೀರು ಹೋಗೇ ಇರದಿದ್ದವು ಬದುಕುತ್ತವೆ. ಆಫ್ ಮಾಡಿಟ್ಟಿದ್ದರಿಂದ ಬದುಕಿದವೂ ಇವೆ. ಎರಡು ದಿನ ಡಬ್ಬದಲ್ಲಿ ಹೂತಿದ್ದಾಗ ಯಾರೂ ಆನ್ ಮಾಡಲಿಲ್ಲ, ಚಾರ್ಜಿಗೆ ಹಾಕಲಿಲ್ಲ. ಉಪಕಾರ ಮಾಡಿದ್ದು ಅದು. ಆ ಎರಡು ದಿನ ಮೇಜಿನ ಮೇಲೆ ಫ್ಯಾನಿನ ಕೆಳಗೆ ಇಟ್ಟಿದ್ದರೂ ಅಷ್ಟೇ ಒಳ್ಳೆಯದಾಗುತ್ತಿತ್ತು, ಇನ್ನೂ ಬೇಗ ಆರುತ್ತಿತ್ತು. ಆದರೆ ನಿಜವಾಗಿ ನೀರು ಹೊಕ್ಕ ಫೋನಿಗೆ ಆ ಎರಡು ದಿನಗಳೇ ಮುಳುವು. ಬ್ಯಾಟರಿಯ ಮುಖ್ಯ ದಾರಿಯಲ್ಲಿ ವೋಲ್ಟೇಜ್ ಇದೆ, ಮೇಲೆ ಉಪ್ಪುನೀರಿದೆ. ಡಬ್ಬದೊಳಗೆ ಕಣ್ಣಿಗೆ ಕಾಣದಂತೆ ತಾಮ್ರ ಕರಗುತ್ತಿರುತ್ತದೆ.

ಆದ್ದರಿಂದ ಬೇಕಾದದ್ದು ಒಣಗಿಸುವುದಕ್ಕಿಂತ ಮೊದಲು ತೊಳೆಯುವುದು. ಕೇಳಲು ವಿಚಿತ್ರವೆನಿಸಬಹುದು, ಒದ್ದೆಯಾಗಿ ಕೆಟ್ಟ ಫೋನನ್ನು ಮತ್ತೆ ಒದ್ದೆ ಮಾಡುವುದೇ ಎಂದು. ತೊಳೆಯುವುದು ನೀರಿನಲ್ಲಲ್ಲ, ಐಸೊಪ್ರೊಪೈಲ್ ಆಲ್ಕೋಹಾಲಿನಲ್ಲಿ. ಅಂಗಡಿಯವರ ಬಾಯಲ್ಲಿ ಅದು ಐಪಿಎ. ನೂರಕ್ಕೆ 99 ಪಾಲು ಶುದ್ಧವಾದದ್ದನ್ನು ಬಳಸುತ್ತಾರೆ. ಅದು ನೀರಿನ ಜೊತೆ ಬೆರೆತು ಸಂದುಗೊಂದಿನಿಂದ ನೀರನ್ನು ಹೊರಗೆಳೆಯುತ್ತದೆ, ಬ್ರಷ್ಷಿನಿಂದ ಉಜ್ಜಿದಾಗ ಕಿಲುಬೂ ಪೊರೆಯೂ ಬಿಟ್ಟುಬರುತ್ತವೆ. ಆಮೇಲೆ ತಾನು ಬೇಗ ಹಾರಿಹೋಗುತ್ತದೆ. ಮನೆಯಲ್ಲಿರುವ ಕೈ ಸ್ಯಾನಿಟೈಸರ್ ಇದಕ್ಕೆ ಬದಲಲ್ಲ. ಅದರಲ್ಲಿ ನೀರಿದೆ, ಕೈ ಮೃದುವಾಗಲೆಂದು ಸೇರಿಸಿದ ಗ್ಲಿಸರಿನ್‌ನಂಥ ಪದಾರ್ಥಗಳಿವೆ, ಅವೂ ಬೋರ್ಡಿನ ಮೇಲೆ ಉಳಿದುಬಿಡುತ್ತವೆ. ಐಪಿಎ ಬೆಂಕಿಗೆ ಬೇಗ ಹತ್ತಿಕೊಳ್ಳುವ ದ್ರವ. ಬ್ಯಾಟರಿ ಬಿಡಿಸದೆ ಅದನ್ನು ಸುರಿಯಬಾರದು. ಅದಕ್ಕೇ ಇದು ಬಿಚ್ಚಿ ಅಭ್ಯಾಸವಿರುವವರ ಕೆಲಸ.

ಕೋಲಾರದ ಫೋನು ನನ್ನ ಮೇಜಿಗೆ ಬಂದಾಗ ಬಿದ್ದು ಇನ್ನೂ ಒಂದು ಗಂಟೆ ಆಗಿತ್ತೋ ಇಲ್ಲವೋ. ಹಿಂಬದಿ ತೆರೆದು ಮೊದಲು ಮಾಡಿದ್ದು ಬ್ಯಾಟರಿಯ ಕನೆಕ್ಟರ್ ಎತ್ತಿದ್ದು. ಅಲ್ಲಿಗೆ ಬೋರ್ಡಿನಲ್ಲಿ ವೋಲ್ಟೇಜ್ ಇಲ್ಲ. ನೀರು ತಾಗಿದೆಯೇ ಎಂದು ತೋರಿಸುವ ಬಿಳಿಯ ಪುಟ್ಟ ಸ್ಟಿಕರ್ ಕೆಂಪಾಗಿತ್ತು. ಚಾರ್ಜಿಂಗ್ ಬಾಯಿಯ ಹತ್ತಿರ ನೀರು ಕಣ್ಣಿಗೇ ಕಾಣುತ್ತಿತ್ತು. ಬೋರ್ಡ್ ಬಿಡಿಸಿ, ಚಾರ್ಜಿಂಗ್ ಭಾಗದ ಮೇಲಿನ ಶೀಲ್ಡ್ ತೆಗೆದಾಗ ಕೆಳಗೆ ಸೋಪಿನ ಸಣ್ಣ ಗುಳ್ಳೆಗಳಿದ್ದವು, ಒಂದು ಪುಟ್ಟ ಕೆಪಾಸಿಟರಿನ ಅಂಚಿನಲ್ಲಿ ಹಸಿರು ಛಾಯೆ ಆಗಲೇ ಶುರುವಾಗಿತ್ತು. ಒಂದು ಗಂಟೆಯೊಳಗೆ, ಅದೂ ಆಫ್ ಆಗಿದ್ದ ಫೋನಿನಲ್ಲಿ! ಅಕ್ಕಿಯಲ್ಲಿ ಎರಡು ದಿನ ಇದ್ದಿದ್ದರೆ ಆ ಜಾಗ ಉಳಿಯುತ್ತಿರಲಿಲ್ಲ.

ಐಪಿಎಯಲ್ಲಿ ತೊಳೆದು, ಮೃದು ಬ್ರಷ್ಷಿನಿಂದ ಉಜ್ಜಿ, ಮತ್ತೆ ಹೊಸ ದ್ರವದಲ್ಲಿ ತೊಳೆದು ಆರಲು ಬಿಟ್ಟೆ. ದೊಡ್ಡ ಅಂಗಡಿಗಳಲ್ಲಿ ಅಲ್ಟ್ರಾಸೋನಿಕ್ ಕ್ಲೀನರ್ ಎಂಬ ತೊಟ್ಟಿ ಇರುತ್ತದೆ. ಅದರ ಕಂಪನದಿಂದ ಬ್ರಷ್ ಮುಟ್ಟಲಾಗದ ಚಿಪ್ಪಿನ ಅಡಿಯೂ ಸ್ವಚ್ಛವಾಗುತ್ತದೆ. ಬೋರ್ಡ್ ಆರಿದ ಮೇಲೆ ಅದನ್ನು ಬ್ಯಾಟರಿಗೆ ಜೋಡಿಸದೆ, ಕರೆಂಟ್ ತೋರಿಸುವ ಡಿಸಿ ಪವರ್ ಸಪ್ಲೈಗೆ ಜೋಡಿಸಿದೆ. ಪವರ್ ಬಟನ್ ಒತ್ತುವ ಮೊದಲೇ ಬೋರ್ಡು ಕರೆಂಟ್ ಎಳೆಯತೊಡಗಿದರೆ ಎಲ್ಲೋ ಸೋರಿಕೆಯಿದೆ ಎಂದು ಅರ್ಥ. ಈ ಬೋರ್ಡು ಏನನ್ನೂ ಎಳೆಯಲಿಲ್ಲ. ಬಟನ್ ಒತ್ತಿದಾಗ ಕರೆಂಟ್ ಏರಿ, ಇಳಿದು, ಮತ್ತೆ ಏರಿತು. ಫೋನು ಸರಿಯಾಗಿ ಏಳುವಾಗ ಕಾಣುವ ಏರಿಳಿತ ಅದು. ಆಮೇಲೆಯೇ ಬ್ಯಾಟರಿ ಜೋಡಿಸಿದ್ದು.

ನೀವು ಅಂಗಡಿಗೆ ಹೋದಾಗ ಕೇಳಿಕೊಳ್ಳಬೇಕಾದದ್ದೂ ಇದನ್ನೇ. "ಆನ್ ಮಾಡಿ ನೋಡಬೇಡಿ, ಮೊದಲು ಬ್ಯಾಟರಿ ಬಿಡಿಸಿ. ಶೀಲ್ಡ್ ತೆಗೆದು ಐಪಿಎಯಲ್ಲಿ ತೊಳೆಯಿರಿ" ಎನ್ನಿ. ಬಿದ್ದದ್ದು ಎಂಥ ನೀರು ಎಂಬುದನ್ನು ಮುಚ್ಚಿಡದೆ ಹೇಳಿ. ಸಮುದ್ರವೋ, ಸೋಪೋ, ಕಾಫಿಯೋ, ಕಕ್ಕಸಿನ ನೀರೋ, ನಾಚಿಕೆ ಬೇಡ. ಬರಿ ಬ್ಲೋವರಿನ ಬಿಸಿಗಾಳಿ ಹೊಡೆದು, ಐದು ನಿಮಿಷದಲ್ಲಿ "ಸರಿಯಾಯ್ತು" ಎಂದು ಕೊಡುವ ಕಡೆ ಉಪ್ಪು ಒಳಗೇ ಉಳಿದಿದೆ ಎಂದುಕೊಳ್ಳಿ. ಫೋಟೊ, ದಾಖಲೆಗಳ ಆಸೆಯಿದ್ದವರಂತೂ ತಡಮಾಡಲೇಬಾರದು. ಈಗಿನ ಫೋನುಗಳಲ್ಲಿ ಮಾಹಿತಿ ಗುಪ್ತಲಿಪಿಯಲ್ಲಿರುತ್ತದೆ, ಅದರ ಕೀಲಿ ಅದೇ ಬೋರ್ಡಿನ ಪ್ರೊಸೆಸರಿನಲ್ಲಿರುತ್ತದೆ. ಬೋರ್ಡ್ ಸತ್ತರೆ ಮೆಮೊರಿ ಚಿಪ್ ಒಂದನ್ನೇ ಕಿತ್ತು ಫೋಟೊ ತೆಗೆಯುವುದು ಆಗದ ಮಾತು.

ಅಂಗಡಿ ದೂರ, ಸಂಜೆ ಏಳಾಗಿದೆ, ಹೊರಗೆ ಮಳೆ. ಆಗ? ಆಫ್ ಮಾಡಿ, ಸಿಮ್ ತೆಗೆದು, ಚಾರ್ಜಿಂಗ್ ಬಾಯಿ ಕೆಳಕ್ಕೆ ಬರುವಂತೆ ಓರೆಯಾಗಿ ನಿಲ್ಲಿಸಿ, ನೆರಳಿನಲ್ಲಿ ಫ್ಯಾನ್ ಗಾಳಿಗೆ ಇಡಿ. ಬೆಳಗಾದ ಮೇಲೆ ಆನ್ ಮಾಡದೆ ಹಾಗೆಯೇ ಅಂಗಡಿಗೆ ಒಯ್ಯಿರಿ. ಅದು ಸಾಧ್ಯವೇ ಇಲ್ಲವೆಂದರೆ ಎರಡು ದಿನವಾದರೂ ಕಾದು ಆಮೇಲೆ ಆನ್ ಮಾಡಿ. ಎದ್ದುಕೊಂಡರೆ ಬೇರೆ ಏನನ್ನೂ ನೋಡದೆ ಮೊದಲು ಫೋಟೊಗಳನ್ನೂ ಮುಖ್ಯ ದಾಖಲೆಗಳನ್ನೂ ಇನ್ನೊಂದು ಕಡೆ ಉಳಿಸಿಕೊಳ್ಳಿ.

ಐಪಿ68 ಎಂದು ಡಬ್ಬಿಯ ಮೇಲೆ ಬರೆದಿರುವ ಫೋನುಗಳ ಬಗ್ಗೆ ಎರಡು ಮಾತು. ಐಪಿ67 ಎಂದರೆ ಒಂದು ಮೀಟರ್ ಆಳದ ನೀರಿನಲ್ಲಿ 30 ನಿಮಿಷ ತಡೆಯಿತು ಎಂದು ಅರ್ಥ. 68 ಎಂದರೆ ಕಂಪನಿ ತಾನೇ ಹೇಳಿಕೊಂಡ, ಅದಕ್ಕಿಂತ ಕಠಿಣವಾದ ಪರೀಕ್ಷೆ. ಎರಡೂ ಹೊಸ ಫೋನಿಗೆ, ನಿಂತ ಸಿಹಿನೀರಿನಲ್ಲಿ ಮಾಡಿದ ಪರೀಕ್ಷೆಗಳು. ನೀರು ತಡೆಯುವುದು ಒಳಗಿನ ಅಂಟು ಮತ್ತು ರಬ್ಬರಿನ ಉಂಗುರಗಳು. ಒಮ್ಮೆ ಕೆಳಗೆ ಬಿದ್ದು ಅಂಚು ಬಿರಿದಿದ್ದರೆ, ಪರದೆ ಬದಲಿಸಿದ್ದರೆ, ಎರಡು ಮೂರು ವರ್ಷ ಹಳೆಯದಾಗಿದ್ದರೆ ಆ ಭರವಸೆಯನ್ನು ನಂಬಬೇಡಿ. ಹೊಸದಾಗಿ, ಗಟ್ಟಿಯಾಗಿದ್ದು ಸಿಹಿನೀರಿಗೆ ಬಿದ್ದಿದ್ದರೆ ಬಿಚ್ಚುವ ಅಗತ್ಯವಿಲ್ಲ. ಒರೆಸಿ, ತಟ್ಟಿ, ಚಾರ್ಜಿಂಗ್ ಬಾಯಿ ಪೂರ್ತಿ ಆರುವವರೆಗೆ ಕೇಬಲ್ ಹಾಕದಿದ್ದರೆ ಸಾಕು. ಅರ್ಧ ಗಂಟೆಯಿಂದ ಒಂದು ದಿನದವರೆಗೂ ಹಿಡಿಯಬಹುದು. ತೇವ ಇದೆ ಎಂದು ಪರದೆಯ ಮೇಲೆ ಎಚ್ಚರಿಕೆ ಬಂದರೆ ಅದನ್ನು ದಾಟಿ ಚಾರ್ಜ್ ಮಾಡಬೇಡಿ. ಇಂಥದೇ ಫೋನು ಸಮುದ್ರಕ್ಕೆ ಬಿದ್ದಿದ್ದರೆ, ಆಫ್ ಮಾಡಿ ಹೊರಮೈಗೆ ಸಿಹಿನೀರು ಹಾಯಿಸಿ ಉಪ್ಪು ತೊಳೆದುಬಿಡಿ, ಆಮೇಲೆ ಆರಿಸಿ.

ರಿಪೇರಿಯಾಗಿ ಬಂದ ಫೋನಿನ ಮೇಲೂ ಕೆಲವು ವಾರ ಕಣ್ಣಿರಲಿ. ಕ್ಯಾಮೆರಾ ಗಾಜಿನೊಳಗೆ ಮಂಜು ಕಂಡರೆ ಒಳಗೆ ಇನ್ನೂ ತೇವವಿದೆ. ಬಳಸದೆಯೂ ಮೈ ಬೆಚ್ಚಗಾಗುತ್ತಿದ್ದರೆ, ರಾತ್ರಿ ಇಟ್ಟ ಚಾರ್ಜ್ ಬೆಳಿಗ್ಗೆಗೆ ಬಹಳ ಇಳಿದಿದ್ದರೆ ಎಲ್ಲೋ ಸೋರಿಕೆ ಶುರುವಾಗಿದೆ, ಮತ್ತೊಮ್ಮೆ ಬಿಚ್ಚಿಸಿ ನೋಡಿಸಬೇಕು. ಪರದೆಯ ಅಥವಾ ಹಿಂಬದಿಯ ಅಂಚು ಮೇಲೆದ್ದು ಬಿರುಕು ಬಿಟ್ಟಿದ್ದರೆ ಬ್ಯಾಟರಿ ಊದಿಕೊಂಡಿದೆ. ಅದನ್ನು ಒತ್ತಿ ಕೂರಿಸಲು ಹೋಗಬೇಡಿ, ಚಾರ್ಜಿಗೆ ಹಾಕಬೇಡಿ, ದಿಂಬಿನ ಪಕ್ಕ ಇಡಬೇಡಿ. ಆಫ್ ಮಾಡಿ, ಸುತ್ತ ಬಟ್ಟೆಬರೆ ಕಾಗದ ಇಲ್ಲದ ಸಿಮೆಂಟ್ ನೆಲದ ಮೇಲಿಟ್ಟು, ಅದೇ ದಿನ ಅಂಗಡಿಗೆ ಒಯ್ದು ಬ್ಯಾಟರಿ ಬದಲಾಯಿಸಿಕೊಳ್ಳಿ. ತೆಗೆದ ಹಳೆಯ ಬ್ಯಾಟರಿಯನ್ನು ಮನೆಗೆ ತರದೆ, ಇ-ತ್ಯಾಜ್ಯಕ್ಕೆ ಕಳಿಸುವಂತೆ ಅಲ್ಲೇ ಕೊಟ್ಟುಬನ್ನಿ.